ಕೋಳಿ ಹೆಚ್ಚಿದ ಮಣೆಯ ಮೇಲೆ ಸೌತೆಕಾಯಿ: ಸಣ್ಣ ಅಡಿಗೆಮನೆಯ ಬಣ್ಣದ ಮಣೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಮೂಡಿಗೆರೆ ಕಡೆಯ ಸಣ್ಣ ಹೋಂಸ್ಟೇ. ನಾಲ್ಕು ರೂಮು, ಹತ್ತಡಿ ಉದ್ದ ಎಂಟಡಿ ಅಗಲದ ಅಡಿಗೆಮನೆ, ಅದರಲ್ಲಿ ಒಂದೇ ಕಟ್ಟೆ, ಒಂದೇ ಸಿಂಕು. ಶನಿವಾರ ಭಾನುವಾರ ಹನ್ನೆರಡು ಜನಕ್ಕೆ ಊಟ ಹಾಕಬೇಕು. ಅಕ್ಕಪಕ್ಕದ ಹೋಂಸ್ಟೇಯವರು, ಮದುವೆಮನೆಗೆ ಅಡಿಗೆ ಒಪ್ಪಿಕೊಳ್ಳುವವರು ನಮ್ಮ ಮನೆಗೆ ಬಂದಾಗ ಗೋಡೆಗೆ ನೇತುಹಾಕಿರುವ ಕೆಂಪು, ಹಸಿರು ಮಣೆ ನೋಡಿ ಒಂದೇ ತರದ ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಹೇಗೂ ಬೇಯಿಸ್ತೀವಲ್ಲ, ಕ್ರಿಮಿ ಸಾಯುತ್ತೆ. ಮಣೆ ಯಾವುದಾದರೇನು?

ಕೋಳಿ ಬೇಯುತ್ತೆ, ನಿಜ. ಅದೇ ಮಣೆ ಮೇಲೆ ಆಮೇಲೆ ಹೆಚ್ಚಿದ ಸೌತೆಕಾಯಿ ಬೇಯಲ್ಲ, ಅಲ್ವಾ? ತೊಂದರೆ ಇರುವುದು ಅಲ್ಲಿ.

ಹಸಿ ಕೋಳಿಯ ಮೈಮೇಲೆ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಕೋಳಿ ತಾಜಾ ಆಗಿದ್ದರೂ ಇರಬಹುದು, ವಾಸನೆಯಿಂದ ಗೊತ್ತಾಗಲ್ಲ. ತುಂಡಿನ ಒಳಗೆ 75 ಡಿಗ್ರಿ ಶಾಖ ಮುಟ್ಟಿದರೆ ಅವು ಸಾಯುತ್ತವೆ. ಕುದಿಯುವ ಕೋಳಿ ಸಾರು ಅದನ್ನು ಆರಾಮಾಗಿ ದಾಟುತ್ತೆ. ಹಾಗಾಗಿ ಸಾರು ತಿಂದವರಿಗೆ ಏನೂ ಆಗದೆ ಇರಬಹುದು. ಸಾರಿನ ಜೊತೆ ಬಡಿಸಿದ ಈರುಳ್ಳಿ ಚೂರು, ನಿಂಬೆಹೋಳು, ಕೋಸಂಬರಿ, ಮೇಲೆ ಉದುರಿಸಿದ ಕೊತ್ತಂಬರಿ ಸೊಪ್ಪು, ಇವು ಬೆಂಕಿ ಕಾಣದೆ ನೇರ ಬಾಯಿಗೆ ಹೋಗುತ್ತವೆ. ಹೊಟ್ಟೆ ಕೆಟ್ಟಾಗ ನಾವು ಬೈಯುವುದು ಕೋಳಿಯನ್ನು. ತಪ್ಪು ಎಷ್ಟೋ ಸಲ ನಿಂಬೆಹೋಳಿನದ್ದು.

ಕ್ಯಾಂಪಿಲೊಬ್ಯಾಕ್ಟರ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದು ಆಹಾರದಲ್ಲಿ ಕೂತು ಬೆಳೆಯಬೇಕಾಗಿಲ್ಲ. ಸ್ವಲ್ಪವೇ ಹೋದರೂ ಸಾಕು, ಕಾಯಿಲೆ ಬರಬಹುದು. ಅದಕ್ಕೇ ಮಣೆ ಮೇಲೆ ಉಳಿದ ಒಂದು ಚಮಚ ಕೋಳಿ ನೀರನ್ನೂ ಸದರವಾಗಿ ನೋಡಬಾರದು.

ಎಷ್ಟು ಬಣ್ಣ ಬೇಕು? ಅಂಗಡಿಯಲ್ಲಿ ಆರರ ಸೆಟ್ ತೋರಿಸಿದರು.

ದೊಡ್ಡ ಹೋಟೆಲುಗಳಲ್ಲಿ ಬಳಕೆಯಲ್ಲಿರುವ ಪಟ್ಟಿ ಸಾಮಾನ್ಯವಾಗಿ ಹೀಗಿರುತ್ತೆ: ಹಸಿ ಮಾಂಸಕ್ಕೆ ಕೆಂಪು, ಹಸಿ ಮೀನಿಗೆ ನೀಲಿ, ಬೆಂದ ಮಾಂಸಕ್ಕೆ ಹಳದಿ, ಸಲಾಡು ಹಣ್ಣಿಗೆ ಹಸಿರು, ಮಣ್ಣು ಅಂಟಿದ ತರಕಾರಿಗೆ ಕಂದು, ಬ್ರೆಡ್ಡು ಚೀಸಿಗೆ ಬಿಳಿ. ಆರು ಜನ ಆರು ಕಡೆ ನಿಂತು ಹೆಚ್ಚುವ ಅಡಿಗೆಮನೆಗೆ ಅದು ಸರಿ. ನಮ್ಮಂಥ ಕಡೆ ಆರು ಮಣೆ ತಂದರೆ ಎರಡು ವಾರಕ್ಕೆ ನಾಲ್ಕು ಮೂಲೆ ಸೇರುತ್ತವೆ. ಉಳಿದ ಎರಡರಲ್ಲಿ ಎಲ್ಲವೂ ನಡೆಯುತ್ತೆ. ನಾನೇ ಹಾಗೆ ಮಾಡಿದ್ದೆ.

ಈಗ ನನ್ನಲ್ಲಿರುವುದು ಮೂರು. ಕೆಂಪು: ಹಸಿ ಕೋಳಿ, ಕುರಿ, ಹಂದಿ, ಮೀನು ಎಲ್ಲಕ್ಕೂ. ಕಂದು: ಬೇಯಿಸಲಿಕ್ಕಿರುವ ತರಕಾರಿಗೆ. ಹಸಿರು: ಇನ್ನು ಬೇಯಿಸದೆ ತಿನ್ನುವ ಎಲ್ಲಕ್ಕೂ. ಸೌತೆಕಾಯಿ, ಹಣ್ಣು, ನಿಂಬೆ, ಸಾರಿನ ಮೇಲೆ ಉದುರಿಸುವ ಸೊಪ್ಪು, ಚಟ್ನಿಗೆ ಹೋಗುವ ಹಸಿಮೆಣಸು ಎಲ್ಲ ಹಸಿರಿಗೆ. ಬೆಂದ ಕೋಳಿಯನ್ನು ಹೆಚ್ಚುವುದಿದ್ದರೆ ಅದೂ ಹಸಿರಿನ ಮೇಲೆಯೇ.

ಎರಡೇ ಸಾಕು ಅನ್ನುವವರು ಕಂದನ್ನು ಬಿಡಿ. ಕೆಂಪು, ಹಸಿರು ಬಿಡಬೇಡಿ. ಇಲ್ಲಿ ನೆನಪಿಡಬೇಕಾದ ಪ್ರಶ್ನೆ ಒಂದೇ: ಇದು ಇನ್ನು ಬೆಂಕಿ ಕಾಣುತ್ತಾ, ಇಲ್ವಾ? ತರಕಾರಿ ಯಾವುದು, ಮಾಂಸ ಯಾವುದು ಅನ್ನುವುದು ಆಮೇಲಿನ ಮಾತು. ಈರುಳ್ಳಿ ಒಗ್ಗರಣೆಗೆ ಹೋಗುವುದಾದರೆ ಕಂದಿನ ಮೇಲೆ, ತಟ್ಟೆಗೆ ಹೋಗುವುದಾದರೆ ಹಸಿರಿನ ಮೇಲೆ. ಅದೇ ಈರುಳ್ಳಿ, ಬೇರೆ ಮಣೆ.

ಒಂದು ಕಡೆ ಹಳದಿ ಅಂದರೆ ಬೆಂದ ಮಾಂಸ ಅಂತಾರೆ, ಇನ್ನೊಂದು ಕಡೆ ಹಸಿ ಕೋಳಿ ಅಂತಾರೆ. ಯಾವುದು ಸರಿ?

ಎರಡೂ ಚಾಲ್ತಿಯಲ್ಲಿವೆ. ಬ್ರಿಟನ್ನಿನ ರೂಢಿಯಲ್ಲಿ ಹಳದಿ ಬೆಂದ ಮಾಂಸಕ್ಕೆ, ಅಮೆರಿಕದ ರೂಢಿಯಲ್ಲಿ ಹಸಿ ಕೋಳಿಗೆ. ಬೇರೆ ಕಡೆ ಕೆಲಸ ಮಾಡಿ ಬಂದ ಹುಡುಗ ನಿಮ್ಮ ಮನೆಯ ಹಳದಿ ಮಣೆ ನೋಡಿ ತನಗೆ ಗೊತ್ತಿರುವ ಅರ್ಥ ಮಾಡಿಕೊಂಡರೆ ಕತೆ ಮುಗಿಯಿತು. ನಾನು ಹಳದಿಯನ್ನು ಮನೆಗೇ ತಂದಿಲ್ಲ. ನಮ್ಮ ಅರಿಶಿನಕ್ಕೆ ಎಲ್ಲ ಮಣೆಯೂ ಆರು ತಿಂಗಳಲ್ಲಿ ಹಳದಿಯಾಗುತ್ತೆ, ಅದು ಬೇರೆ ಮಾತು.

ಮಣೆಗೊಂದು ಬಣ್ಣವಿದ್ದರೆ ಚಾಕುವಿಗೂ ಅದೇ ಬಣ್ಣ ಬೇಕು. ಕೆಂಪು ಮಣೆ ಬಳಸಿ, ಅದೇ ಚಾಕುವನ್ನು ಒರೆಸಿ ನಿಂಬೆ ಕುಯ್ದರೆ ಮಣೆ ಬದಲಿಸಿ ಏನು ಬಂತು? ಬಣ್ಣದ ಹಿಡಿಯ ಚಾಕು ಸಿಗದಿದ್ದರೆ ಹಿಡಿಗೆ ಬಣ್ಣದ ಇನ್ಸುಲೇಷನ್ ಟೇಪು ಸುತ್ತಿ. ಟೇಪಿನ ಅಂಚಿನಲ್ಲಿ ಕೊಳೆ ಕೂರುತ್ತೆ, ಹಾಗಾಗಿ ಸಡಿಲವಾದ ತಕ್ಷಣ ಕಿತ್ತು ಹೊಸದು ಸುತ್ತಬೇಕು.

ಇಷ್ಟು ಚಿಕ್ಕ ಅಡಿಗೆಮನೆಯಲ್ಲಿ ಹಸಿಗೆ ಒಂದು ಜಾಗ, ಬೆಂದಿದ್ದಕ್ಕೆ ಒಂದು ಜಾಗ ಎಲ್ಲಿಂದ ತರೋದು?

ಜಾಗ ಇಲ್ಲದಿದ್ದರೆ ಹೊತ್ತನ್ನು ಬೇರೆ ಮಾಡಬೇಕು. ಇದು ನನಗೆ ತಡವಾಗಿ ಹೊಳೆದದ್ದು. ಅದಕ್ಕೆ ಮೊದಲು ಕಟ್ಟೆ ಮೇಲೆ ಕೆಂಪು ಟೇಪಿನಲ್ಲಿ ಗೆರೆ ಎಳೆದಿದ್ದೆ. ಎರಡಡಿ ಜಾಗದಲ್ಲಿ ಗೆರೆ ಎಳೆದರೆ ಪಾತ್ರೆಗೆ ಗೆರೆ ಕಾಣಿಸುತ್ತಾ?

ಆದರೂ ಸ್ವಲ್ಪ ಜಾಗದ ಲೆಕ್ಕ ಇದೆ. ನಮ್ಮ ಕಟ್ಟೆಯಲ್ಲಿ ಎಡಗಡೆ ಸಿಂಕು, ಅದರ ಪಕ್ಕ ಎರಡೂವರೆ ಅಡಿ ಜಾಗ, ಆಮೇಲೆ ಒಲೆ, ಒಲೆಯಿಂದಾಚೆ ಮೂರಡಿ. ಸಿಂಕಿನ ಪಕ್ಕದ್ದು ಹಸಿಯದು. ಒಲೆಯಿಂದಾಚೆಯದು ಬೆಂದಿದ್ದಕ್ಕೆ ಮತ್ತು ಬೇಯಿಸದೆ ತಿನ್ನುವುದಕ್ಕೆ. ಒಲೆಯೇ ಗಡಿ. ಸಾಮಾನು ಎಡದಿಂದ ಬಲಕ್ಕೆ ಹೋಗುತ್ತೆ, ವಾಪಸ್ ಬರಲ್ಲ. ಬಲಗಡೆಯ ಗೋಡೆಗೆ ಮೊಳೆ ಹೊಡೆದು ಹಸಿರು ಮಣೆ, ಹಸಿರು ಚಾಕು, ಬಡಿಸುವ ಸೌಟು ನೇತುಹಾಕಿದ್ದೇನೆ. ಕೆಂಪಿನ ಮೊಳೆ ಸಿಂಕಿನ ಮೇಲಿದೆ. ಕೈಗೆ ಸಿಗುವ ಕಡೆ ಸರಿಯಾದ ಮಣೆ ಇದ್ದರೆ ಅರ್ಧ ತಪ್ಪು ತಾನಾಗೇ ತಪ್ಪುತ್ತೆ.

ನಿಮ್ಮ ಸಿಂಕು ಒಲೆಯ ಆ ಕಡೆ ಇದ್ದು, ಬಾಗಿಲು ಈ ಕಡೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದನ್ನೇ ತಿರುಗಿಸಿಕೊಳ್ಳಿ. ಕಟ್ಟೆ ನಾಲ್ಕೇ ಅಡಿ ಅನ್ನುವವರು ಹಸಿ ಮಾಂಸದ ಕೆಲಸವನ್ನು ಅಡಿಗೆಮನೆಯಿಂದ ಹೊರಗೆ ತಳ್ಳಿ. ಮಲೆನಾಡಿನ ಮನೆಗಳಲ್ಲಿ ಹಿತ್ತಲಲ್ಲಿ ಒಂದು ಒಗೆಯುವ ಕಲ್ಲು, ನಲ್ಲಿ ಇದ್ದೇ ಇರುತ್ತೆ. ನಮ್ಮ ಹಿರಿಯರು ಕೋಳಿ ಕೊಯ್ದು ಹಸನು ಮಾಡುತ್ತಿದ್ದದ್ದು ಹಿತ್ತಲಲ್ಲೇ. ಅಲ್ಲಿ ಒಂದು ಮಡಚುವ ಮೇಜು ಹಾಕಿದರೆ ಆಯಿತು. ನಾಯಿ, ನೊಣದ ಕಾವಲು ಮಾತ್ರ ನೋಡಿಕೊಳ್ಳಬೇಕು.

ಸಿಂಕು ಒಂದೇ ಇದೆ. ಕೋಳಿಯೂ ಅಲ್ಲೇ, ಸೊಪ್ಪೂ ಅಲ್ಲೇ, ಪಾತ್ರೆಯೂ ಅಲ್ಲೇ. ಏನು ಮಾಡೋದು?

ಮಣೆಗಿಂತ ದೊಡ್ಡ ಸಮಸ್ಯೆ ಇದೇ. ಎಷ್ಟು ಬಣ್ಣದ ಮಣೆ ಇದ್ದರೂ ಎಲ್ಲವೂ ಕೊನೆಗೆ ಸೇರುವುದು ಒಂದು ಸಿಂಕಿಗೆ. ಕೋಳಿ ನೀರು ಚೆಲ್ಲಿದ ಸಿಂಕಿನಲ್ಲಿ ಕೊತ್ತಂಬರಿ ಕಟ್ಟು ಇಟ್ಟರೆ ಹಸಿರು ಮಣೆ ಏನೂ ಉಳಿಸಲ್ಲ.

ನಾನು ಮಾಡುವುದು ಹೀಗೆ. ಬೇಯಿಸದೆ ತಿನ್ನುವುದನ್ನು ಸಿಂಕಿನೊಳಗೆ ಬರಿದೆ ಇಡುವುದೇ ಇಲ್ಲ. ದೊಡ್ಡ ಸ್ಟೀಲು ಬೋಗುಣಿಯಲ್ಲಿ ನೀರು ಹಿಡಿದು, ಒಲೆಯಿಂದಾಚೆಯ ಜಾಗದಲ್ಲಿಟ್ಟು ಸೊಪ್ಪು ತೊಳೆಯುತ್ತೇನೆ. ನೀರು ಎರಡು ಮೂರು ಸಲ ಬದಲಿಸುತ್ತೇನೆ. ಆ ಬೋಗುಣಿಗೆ ಬೇರೆ ಕೆಲಸ ಇಲ್ಲ. ಮತ್ತೆ ಈ ಕೆಲಸವೆಲ್ಲ ಬೆಳಿಗ್ಗೆ, ಕೋಳಿ ಮನೆಗೆ ಬರುವ ಮೊದಲೇ ಮುಗಿಯಬೇಕು.

ಕೈ ತೊಳೆಯುವುದಕ್ಕೂ ಅದೇ ನಲ್ಲಿ ಅಂದರೆ ಇನ್ನೊಂದು ಸಿಕ್ಕು. ಕೋಳಿ ಮುಟ್ಟಿದ ಕೈಯಲ್ಲಿ ನಲ್ಲಿ ತಿರುಗಿಸಿ, ಕೈ ತೊಳೆದು, ಅದೇ ನಲ್ಲಿಯನ್ನು ಮುಟ್ಟಿ ನಿಲ್ಲಿಸುತ್ತೇವೆ. ಕೈಯ ಕೊಳೆ ವಾಪಸ್ ಕೈಗೆ. ನಾನು ತಿರುಪಿನ ನಲ್ಲಿ ತೆಗೆಸಿ, ಮೊಣಕೈಯಿಂದ ತಳ್ಳುವ ಉದ್ದ ಹಿಡಿಯದು ಹಾಕಿಸಿದೆ. ಈ ಇಡೀ ವ್ಯವಸ್ಥೆಯಲ್ಲಿ ಹಾಕಿದ ದುಡ್ಡಿಗೆ ಅತಿ ಹೆಚ್ಚು ಉಪಯೋಗ ಆದದ್ದು ಅದೇ. ಮಣೆಗಿಂತಲೂ ಜಾಸ್ತಿ.

ಕೋಳಿ ತೊಳೆಯಬಾರದು ಅಂತಾರೆ. ತೊಳೆಯದೆ ಹೇಗೆ ಅಡಿಗೆ ಮಾಡೋದು?

ಈ ಮಾತು ಹೇಳಿದಾಗ ನಮ್ಮ ಅತ್ತೆ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಅರಿಶಿನ ಉಪ್ಪು ಹಾಕಿ ಮೂರು ನೀರು ತೊಳೆಯದ ಕೋಳಿ ಅವರ ಲೆಕ್ಕದಲ್ಲಿ ಅಡಿಗೆಗೇ ಬರಲ್ಲ.

ತೊಳೆದರೆ ಬ್ಯಾಕ್ಟೀರಿಯಾ ಹೋಗಲ್ಲ. ಹರಿಯುವ ನಲ್ಲಿಯ ಕೆಳಗೆ ಹಿಡಿದರೆ ನೀರಿನ ಹನಿ ಸಿಡಿದು ಸುತ್ತ ಹಾರುತ್ತೆ: ಕಟ್ಟೆಗೆ, ಪಕ್ಕದಲ್ಲಿಟ್ಟ ತೊಳೆದ ಪಾತ್ರೆಗೆ, ನಿಮ್ಮ ಸೀರೆಗೆ. ಸಣ್ಣ ಅಡಿಗೆಮನೆಯಲ್ಲಿ ಪಾತ್ರೆ ಸ್ಟ್ಯಾಂಡು ಸಿಂಕಿನ ಪಕ್ಕದಲ್ಲೇ ಇರುತ್ತಲ್ಲ, ಅದಕ್ಕೇ ಮೊದಲು ಬೀಳುವುದು. ತೊಳೆಯದಿರುವುದೇ ಒಳ್ಳೆಯದು.

ಆದರೆ ಅಂಗಡಿಯಿಂದ ಬಂದ ಕೋಳಿಯಲ್ಲಿ ರಕ್ತದ ಗಂಟು, ಮೂಳೆಯ ಪುಡಿ, ಪುಕ್ಕದ ಚೂರು ಇರುತ್ತೆ ಅನ್ನುವುದೂ ಸುಳ್ಳಲ್ಲ. ತೊಳೆಯಲೇಬೇಕು ಅನ್ನುವವರು ನಲ್ಲಿ ಬಿಡಬೇಡಿ. ಆಳವಾದ ಪಾತ್ರೆಯಲ್ಲಿ ಮೊದಲೇ ನೀರು ತುಂಬಿಸಿ, ತುಂಡುಗಳನ್ನು ನಿಧಾನಕ್ಕೆ ಮುಳುಗಿಸಿ, ಕೈಯಾಡಿಸಿ, ಎತ್ತಿ. ನೀರನ್ನು ಸಿಂಕಿನ ತೂತಿನ ಹತ್ತಿರ ತಗ್ಗಿಸಿ, ಸಿಡಿಯದ ಹಾಗೆ ಚೆಲ್ಲಿ. ಪಾತ್ರೆ ಸ್ಟ್ಯಾಂಡನ್ನು ಅದಕ್ಕೆ ಮೊದಲೇ ಅಲ್ಲಿಂದ ಎತ್ತಿರಬೇಕು. ಕೂಡಲೇ ಸಿಂಕು ತೊಳೆಯಬೇಕು. ಅತ್ತೆಯೂ ನಾನೂ ಈ ರಾಜಿಗೆ ಬಂದಿದ್ದೇವೆ.

ಒಂದು ದಿನದ ಕೆಲಸ ಪೂರ್ತಿ ಹೇಗೆ ನಡೆಯುತ್ತೆ? ಬಿಡಿಸಿ ಹೇಳಿ.

ಭಾನುವಾರದ ಊಟ ಅಂತಿಟ್ಟುಕೊಳ್ಳಿ. ಹನ್ನೆರಡು ಜನ. ಕಡುಬು, ಕೋಳಿ ಸಾರು, ಕೋಳಿ ಕಬಾಬು, ಹೆಸರುಬೇಳೆ ಕೋಸಂಬರಿ, ಈರುಳ್ಳಿ ನಿಂಬೆ, ಮಜ್ಜಿಗೆ. ಊಟ ಒಂದೂವರೆಗೆ.

ಬೆಳಿಗ್ಗೆ ಎಂಟಕ್ಕೆ ಹೆಸರುಬೇಳೆ ನೆನೆಹಾಕುತ್ತೇವೆ. ಒಂಬತ್ತಕ್ಕೆ ಹಸಿರು ಮಣೆ ಇಳಿಯುತ್ತೆ. ಸೌತೆಕಾಯಿ, ಕೊತ್ತಂಬರಿ, ತಟ್ಟೆಗೆ ಹೋಗುವ ಈರುಳ್ಳಿ, ನಿಂಬೆ ಎಲ್ಲ ಆಗಲೇ ಹೆಚ್ಚಿ ಮುಚ್ಚಳದ ಸ್ಟೀಲು ಡಬ್ಬಿಗೆ. ಕಾಯಿ ತುರಿಯುವುದೂ ಆಗಲೇ. ಡಬ್ಬಿಗಳು ಫ್ರಿಜ್ಜಿನ ಮೇಲಿನ ಅಂತಸ್ತಿಗೆ. ಕೋಸಂಬರಿಗೆ ಉಪ್ಪು ಮಾತ್ರ ಬಡಿಸುವ ಹತ್ತು ನಿಮಿಷ ಮುಂಚೆ, ಇಲ್ಲದಿದ್ದರೆ ನೀರು ಬಿಡುತ್ತೆ. ಹಸಿರು ಮಣೆ ತೊಳೆದು ಮೊಳೆಗೆ ಹೋಯಿತು. ಇನ್ನು ಮಧ್ಯಾಹ್ನದವರೆಗೆ ಅದರ ಕೆಲಸ ಇಲ್ಲ.

ಮೊದಲೆಲ್ಲ ನಾವು ಇದನ್ನು ತಿರುಗಾ ಮಾಡುತ್ತಿದ್ದೆವು. ಕೋಳಿ ಜಾಸ್ತಿ ಹೊತ್ತು ಬೇಯಬೇಕು ಅಂತ ಮೊದಲು ಕೋಳಿ, ಸಲಾಡು ಬಾಡುತ್ತೆ ಅಂತ ಕೊನೆಗೆ ಸೌತೆಕಾಯಿ. ಎಲ್ಲರ ಮನೆಯಲ್ಲೂ ಹೀಗೇ. ಅಡಿಗೆಯ ಲೆಕ್ಕಕ್ಕೆ ಅದು ಸರಿ ಕಾಣುತ್ತೆ, ಆದರೆ ಅದೇ ಕೋಳಿ ನೀರನ್ನು ಸೌತೆಕಾಯಿಗೆ ದಾಟಿಸುವ ದಾರಿ.

ಹತ್ತಕ್ಕೆ ಕಂದು ಮಣೆ. ಮಸಾಲೆಗೆ ಈರುಳ್ಳಿ, ಟೊಮೆಟೊ, ಶುಂಠಿ, ಬೆಳ್ಳುಳ್ಳಿ. ಮಿಕ್ಸಿಯಲ್ಲಿ ರುಬ್ಬಿ, ಮಿಕ್ಸಿ ತೊಳೆದು ಒಳಗಿಡುತ್ತೇವೆ.

ಹತ್ತೂವರೆಗೆ ಕೋಳಿ ಬರುತ್ತೆ, ಮೂರು ಕಿಲೋ. ಸಾರಿನ ತುಂಡೂ ಕಬಾಬಿನ ತುಂಡೂ ಅಂಗಡಿಯಲ್ಲೇ ಕತ್ತರಿಸಿ, ಬೇರೆ ಬೇರೆ ಕವರಿಗೆ ಹಾಕಿಸಿಕೊಂಡು ಬರುತ್ತೇವೆ. ಮನೆಗೆ ಕತ್ತರಿಸುವ ಕೆಲಸವೇ ಬರದಿದ್ದರೆ ಕೆಂಪು ಮಣೆಯ ಕೆಲಸ ಐದು ನಿಮಿಷದ್ದು. ಒಂದೊಂದು ಭಾನುವಾರ ಅದು ಮೊಳೆಯಿಂದ ಇಳಿಯುವುದೇ ಇಲ್ಲ.

ಕವರು ಬಿಚ್ಚುವ ಮೊದಲು ಒಂದು ಕೆಲಸ ಇದೆ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ದಂಡ. ಬೇಕಾದ ಉಪ್ಪು, ಖಾರದಪುಡಿ, ಅರಿಶಿನ, ಎಣ್ಣೆ, ಮೊಟ್ಟೆ, ಜೋಳದ ಹಿಟ್ಟು ಎಲ್ಲವನ್ನೂ ಅಳೆದು ಬಟ್ಟಲಿಗೆ ತೆಗೆದಿಡಬೇಕು. ಪಾತ್ರೆಯ ಮುಚ್ಚಳ ತೆಗೆದಿರಬೇಕು. ಕಸದ ಬುಟ್ಟಿಯ ಬಾಯಿ ತೆರೆದಿರಬೇಕು. ಫೋನು ಹಾಲಿನಲ್ಲಿರಬೇಕು. ಯಾಕೆ ಅಂದರೆ ಕೋಳಿ ಕಲಸುವ ಕೈ ಮಧ್ಯದಲ್ಲಿ ಉಪ್ಪಿನ ಭರಣಿಗೆ ಹೋಗುತ್ತೆ. ಭರಣಿಯ ಉಪ್ಪು ಸಂಜೆ ಮಜ್ಜಿಗೆಗೆ ಹೋಗುತ್ತೆ.

ಆಮೇಲಿನ ಇಪ್ಪತ್ತು ನಿಮಿಷ ಕೋಳಿಯ ಪಾಳಿ. ಒಬ್ಬರು ಮಾತ್ರ ಅದನ್ನು ಮುಟ್ಟುವುದು, ಇನ್ನೊಬ್ಬರು ಕಡುಬಿನ ಕಡೆ. ಸಾರಿನ ತುಂಡು ನೇರ ಪಾತ್ರೆಗೆ. ಕಬಾಬಿನದು ಮಸಾಲೆ ಕಲಸಿ, ಮುಚ್ಚಿ, ಫ್ರಿಜ್ಜಿನ ಕೆಳಗಿನ ಅಂತಸ್ತಿಗೆ. ಮುಗಿದ ಕೂಡಲೇ ಮಣೆ, ಚಾಕು, ಬಟ್ಟಲು, ಸಿಂಕು, ಕಟ್ಟೆ, ನಲ್ಲಿ, ಕೊನೆಗೆ ಕೈ, ಈ ಸಾಲಿನಲ್ಲಿ ತೊಳೆಯುವುದು. ಹನ್ನೊಂದೂಕಾಲಕ್ಕೆ ಹಸಿ ಮಾಂಸ ಕಟ್ಟೆಯ ಮೇಲೆ ಎಲ್ಲೂ ಇರಬಾರದು.

ಒಂದು ಗಂಟೆಗೆ ಕಬಾಬು ಕರಿಯುವುದು. ಇಲ್ಲಿ ಇನ್ನೊಂದು ಸಲ ಎಡವುತ್ತೇವೆ. ಹಸಿ ತುಂಡಿದ್ದ ತಟ್ಟೆಗೇ ಕರಿದದ್ದನ್ನು ಹಾಕುವುದು, ಹಸಿ ತುಂಡು ಬಿಟ್ಟ ಇಕ್ಕಳದಲ್ಲೇ ಬೆಂದದ್ದನ್ನು ಎತ್ತುವುದು. ಎಣ್ಣೆಯ ಎಡಕ್ಕೆ ಹಸಿಯದು, ಅದಕ್ಕೆ ಕೆಂಪು ಟೇಪಿನ ಇಕ್ಕಳ. ಎಣ್ಣೆಯ ಬಲಕ್ಕೆ ಬಾಳೆಲೆ ಹಾಸಿದ ತಟ್ಟೆ, ಅದಕ್ಕೆ ತೂತಿನ ಜಾಲರಿ. ಕಬಾಬಿಗೆ ಹಾಕುವ ಕೆಂಪು ಮೆಣಸಿನಪುಡಿ ಒಳಗಿನ ಹಸಿ ಗುಲಾಬಿ ಬಣ್ಣವನ್ನು ಮುಚ್ಚುತ್ತೆ. ಹಾಗಾಗಿ ಮೇಲಿನ ಬಣ್ಣ ನಂಬಬೇಡಿ. ಒಂದೊಂದು ಸುತ್ತಿನಲ್ಲೂ ಅತಿ ದಪ್ಪ ತುಂಡನ್ನು ಮೂಳೆಯ ಹತ್ತಿರ ಬಿಡಿಸಿ ನೋಡಿ. ಚುಚ್ಚುವ ಥರ್ಮಾಮೀಟರು ಇದ್ದರೆ ಇನ್ನೂ ಒಳ್ಳೆಯದು, 75 ಡಿಗ್ರಿ ತೋರಿಸಬೇಕು.

ಮಣೆ ತೊಳೆಯುವುದಕ್ಕೆ ಬಿಸಿನೀರು ಸುರಿದರೆ ಸಾಕಲ್ವಾ?

ಮೊದಲೇ ಬಿಸಿನೀರು ಸುರಿಯಬೇಡಿ. ಮೊಟ್ಟೆ ಬಿಸಿಗೆ ಗಟ್ಟಿಯಾಗುವ ಹಾಗೆ ರಕ್ತ, ಮಾಂಸದ ರಸವೂ ಬಿಸಿಗೆ ಗಟ್ಟಿಯಾಗಿ ಚಾಕುಗೆರೆಗಳಲ್ಲಿ ಅಂಟಿಕೊಳ್ಳುತ್ತೆ. ಮೊದಲು ತಣ್ಣೀರಲ್ಲಿ ನಿಧಾನಕ್ಕೆ ಜಾಲಾಡಿಸಿ, ಆಮೇಲೆ ಪಾತ್ರೆ ಸೋಪು ಹಾಕಿ ಬ್ರಷ್ಷಿನಲ್ಲಿ ಎರಡೂ ಬದಿ ಉಜ್ಜಿ, ತೊಳೆಯಿರಿ. ಬಿಸಿನೀರು ಆಮೇಲೆ. ನಮ್ಮಲ್ಲಿ ಬಚ್ಚಲ ಹಂಡೆಯಲ್ಲಿ ಯಾವಾಗಲೂ ಬಿಸಿನೀರು ಇರುತ್ತೆ, ಆದರೆ ಮೈಗೆ ಹದವಾದ ನೀರಿನಿಂದ ಬ್ಯಾಕ್ಟೀರಿಯಾ ಸಾಯಲ್ಲ. ಕುದಿಯುವ ನೀರೇ ಬೇಕು. ತೆಳು ಪ್ಲಾಸ್ಟಿಕ್ ಮಣೆ ಕುದಿನೀರಿಗೆ ಬಾಗಿ, ಕಟ್ಟೆ ಮೇಲೆ ಅಲುಗಾಡಲು ಶುರುವಾಗುತ್ತೆ.

ಅದಕ್ಕೆ ನಾನು ಬ್ಲೀಚ್ ಬಳಸುತ್ತೇನೆ. ಬಾಟಲಿ ಮೇಲೆ ಸೋಡಿಯಂ ಹೈಪೊಕ್ಲೋರೈಟ್ 5 ಶೇಕಡಾ ಅಂತ ಇದ್ದರೆ ಒಂದು ಲೀಟರ್ ನೀರಿಗೆ 4 ಮಿಲಿ ಸಾಕು. ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಸುವಾಸನೆ ಹಾಕಿದ ಬ್ಲೀಚ್ ಬೇಡ. ಸೋಪು ಹಾಕಿ ತೊಳೆದ ಮಣೆಯನ್ನು ಈ ನೀರಿನಲ್ಲಿ ಪೂರ್ತಿ ಒದ್ದೆ ಮಾಡಿ, ಎರಡು ನಿಮಿಷ ಬಿಟ್ಟು, ಒರೆಸದೆ ನಿಲ್ಲಿಸಿ ಒಣಗಿಸಿ. ಜಿಡ್ಡು, ರಕ್ತ ಉಳಿದಿದ್ದರೆ ಬ್ಲೀಚಿನ ಶಕ್ತಿ ಅದರಲ್ಲೇ ಖರ್ಚಾಗಿಬಿಡುತ್ತೆ, ಹಾಗಾಗಿ ಸೋಪನ್ನು ಹಾರಿಸುವಂತಿಲ್ಲ. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅನ್ನುವುದೂ ತಪ್ಪು. ಕಲಸಿದ ನೀರು ಆ ದಿನಕ್ಕೆ ಮಾತ್ರ. ವಿನಿಗರ್, ನಿಂಬೆರಸ, ಕಕ್ಕಸು ತೊಳೆಯುವ ಆಸಿಡ್ಡಿನ ಜೊತೆ ಯಾವತ್ತೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತೆ.

ನಮ್ಮನೆಯಲ್ಲಿ ಹಲಸಿನ ಮರದ ಮಣೆ ಇದೆ, ಈಳಿಗೆಯೂ ಇದೆ. ಬಿಸಾಕಬೇಕಾ?

ಬೇಡ. ಮರ ಕೊಳಕು, ಪ್ಲಾಸ್ಟಿಕ್ ಶುದ್ಧ ಅನ್ನುವುದು ಅಷ್ಟು ನೇರವಾದ ಮಾತಲ್ಲ. ಅಮೆರಿಕದಲ್ಲಿ ಡೀನ್ ಕ್ಲೈವರ್ ಅನ್ನುವ ಆಹಾರ ವಿಜ್ಞಾನಿ 1990ರ ದಶಕದಲ್ಲಿ ಇದನ್ನು ಪರೀಕ್ಷಿಸಿದ್ದರು. ಮರದ ಮೇಲೆ ಹಾಕಿದ ಬ್ಯಾಕ್ಟೀರಿಯಾ ಒಳಕ್ಕೆ ಇಳಿದು ಅಲ್ಲೇ ನಿಧಾನವಾಗಿ ಸತ್ತವು. ಚಾಕುಗೆರೆ ಬಿದ್ದ ಹಳೇ ಪ್ಲಾಸ್ಟಿಕ್ ಮಣೆಯನ್ನು ಕೈಯಲ್ಲಿ ತೊಳೆದು ಶುದ್ಧ ಮಾಡುವುದೇ ಕಷ್ಟವಾಯಿತು. ಆದರೂ ಹಸಿ ಮಾಂಸಕ್ಕೆ ನಾನು ಪ್ಲಾಸ್ಟಿಕ್ಕನ್ನೇ ಇಟ್ಟುಕೊಂಡಿದ್ದೇನೆ. ಮರವನ್ನು ನೀರಲ್ಲಿ ನೆನೆಸಿಡಲಾಗದು. ನಮ್ಮ ಮಳೆಗಾಲದಲ್ಲಿ ಅದು ಒಣಗಲ್ಲ, ಬಿರುಕು ಬಿಡುತ್ತೆ. ಮರದ ಮಣೆ ನಮ್ಮಲ್ಲಿ ಕಂದು ಮಣೆಯ ಕೆಲಸ ಮಾಡುತ್ತೆ, ಬೇಯುವ ತರಕಾರಿಗೆ ಮಾತ್ರ.

ಈಳಿಗೆಯ ತೊಂದರೆ ಅಲಗು ಮರಕ್ಕೆ ಸೇರುವ ಬುಡದಲ್ಲಿದೆ. ಆ ಸಂದಿಗೆ ಬ್ರಷ್ಷು ಹೋಗಲ್ಲ. ಹಾಗಾಗಿ ಮೀನಿಗೊಂದು, ತರಕಾರಿಗೊಂದು ಈಳಿಗೆ ಇರಲಿ. ಚಾರ್ಮಾಡಿ ಘಾಟಿ ಹತ್ತಿ ಬರುವ ಬಂಗುಡೆ, ಬೂತಾಯಿ ಈಳಿಗೆಯಲ್ಲಿ ಆದಷ್ಟು ಸಲೀಸಾಗಿ ಚಾಕುವಿನಲ್ಲಿ ಆಗಲ್ಲ, ಒಪ್ಪುತ್ತೇನೆ.

ಮಳೆಗಾಲದಲ್ಲಿ ಮಣೆ ಒಣಗೋದೇ ಇಲ್ಲ. ಕಪ್ಪು ಚುಕ್ಕೆ ಬಂದಿದೆ.

ಜೂನಿನಿಂದ ಸೆಪ್ಟೆಂಬರಿನವರೆಗೆ ನಮಗೆ ಇದೇ ಪಾಡು. ಒಂದರ ಮೇಲೊಂದು ಪೇರಿಸಿಟ್ಟರೆ ಬೆಳಿಗ್ಗೆಗೆ ಮಣೆ ಜಾರುತ್ತೆ. ಆ ಜಾರುವಿಕೆ ಅಂದರೆ ಬ್ಯಾಕ್ಟೀರಿಯಾ ಬೆಳೆದಿದೆ ಅಂತಲೇ ತಿಳಿಯಿರಿ. ಮಣೆಗಳ ಮಧ್ಯೆ ಎರಡು ಬೆರಳು ಸಂದಿ ಬಿಟ್ಟು ನೇತುಹಾಕಿ. ಸೌದೆ ಒಲೆ ಇದ್ದರೆ ಅದರ ಕಾವು ತಗುಲುವಷ್ಟು ದೂರದ ಗೋಡೆ ಒಳ್ಳೆಯದು, ತೀರ ಹತ್ತಿರ ಬೇಡ. ಕಪ್ಪು ಚುಕ್ಕೆ ಉಜ್ಜಿದರೂ ಹೋಗದಿದ್ದರೆ ಆ ಮಣೆಯನ್ನು ಗಿಡದ ಕುಂಡದ ಕೆಳಗಿಡಿ.

ಹಳೇ ಮಣೆ ಯಾವಾಗ ಬಿಡಬೇಕು ಅಂತಲೂ ಕೇಳುತ್ತಾರೆ. ತೊಳೆದು ಒಣಗಿದ ಮಣೆಯ ಮೇಲೆ ಉಗುರು ಎಳೆಯಿರಿ. ಗೆರೆಗಳಲ್ಲಿ ಉಗುರು ಸಿಕ್ಕಿಕೊಳ್ಳುತ್ತಾ ಹೋದರೆ ಬ್ರಷ್ಷು ಅದರ ತಳ ಮುಟ್ಟುತ್ತಿಲ್ಲ ಅಂತ ಅರ್ಥ.

ಒರೆಸುವ ಬಟ್ಟೆಗೂ ಬಣ್ಣ ಬೇಕಾ?

ಬೇಕು. ಬಟ್ಟೆಯನ್ನು ಮರೆತರೆ ಮಣೆಯ ಶ್ರಮವೆಲ್ಲ ಅದೇ ಅಳಿಸಿಹಾಕುತ್ತೆ. ಕೋಳಿಯ ಕಟ್ಟೆ ಒರೆಸಿದ ಬಟ್ಟೆಯಲ್ಲೇ ತಟ್ಟೆ ಒರೆಸುವ ಮನೆಗಳೇ ಜಾಸ್ತಿ. ಕೋಳಿಯ ಪಾಳಿಯಲ್ಲಿ ನಾನು ಹಳೇ ನ್ಯೂಸ್‌ಪೇಪರಿನಲ್ಲಿ ಮೊದಲ ನೀರು ಎತ್ತಿ ಕಸಕ್ಕೆ ಹಾಕುತ್ತೇನೆ, ಆಮೇಲೆ ಸೋಪು ನೀರು. ಹಳೇ ಪಂಚೆಯ ಚೂರು ಕಟ್ಟೆಗೆ, ಬಿಳಿ ಟವೆಲ್ಲು ತಟ್ಟೆಗೆ. ಎರಡನ್ನೂ ದಿನಾ ರಾತ್ರಿ ಬೇರೆ ಬೇರೆಯಾಗಿ ಕುದಿಸುತ್ತೇವೆ.

ಫ್ರಿಜ್ಜು ಒಂದೇ. ಕೋಳಿ ಎಲ್ಲಿಡಬೇಕು?

ಅತಿ ಕೆಳಗಿನ ಅಂತಸ್ತಿನಲ್ಲಿ, ಅಂಚು ಎತ್ತರವಿರುವ ಪಾತ್ರೆಯಲ್ಲಿ, ಮುಚ್ಚಿ. ಕವರು ಸೋರುತ್ತೆ, ಸೋರಿದ್ದು ಕೆಳಕ್ಕೇ ಬೀಳುತ್ತೆ. ಆ ಕೆಳಗೆ ತರಕಾರಿ ಡ್ರಾಯರು ಇದ್ದರೆ ಅದರಲ್ಲಿ ಹಾಗೇ ತಿನ್ನುವ ಸೌತೆಕಾಯಿ, ಟೊಮೆಟೊ ಇಡಬೇಡಿ. ಕರೆಂಟು ಹೋಗಿ ಫ್ರಿಜ್ಜು ಬೆಚ್ಚಗಾದರೆ ಬಣ್ಣದ ಮಣೆ ಸಹಾಯಕ್ಕೆ ಬರಲ್ಲ. ಒಳಗಿನ ಶಾಖ 5 ಡಿಗ್ರಿ ದಾಟದ ಹಾಗೆ ನೋಡಿಕೊಳ್ಳುವುದು ಬೇರೆಯೇ ಕೆಲಸ. ಬೆಂದ ಅಡಿಗೆಯನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಬಿಡಬಾರದು ಅನ್ನುವುದೂ ಹಾಗೇ.

ಸಸ್ಯಾಹಾರಿಗಳು ಬಂದರೆ?

ಇಲ್ಲಿ ಎರಡು ವಿಷಯ ಕಲೆಸಿಹೋಗುತ್ತವೆ. ಹಸಿ ಬೆಂದದ್ದು ಬೇರೆಯಿಡುವುದು ಹೊಟ್ಟೆಗಾಗಿ. ಸಸ್ಯಾಹಾರ ಮಾಂಸಾಹಾರ ಬೇರೆಯಿಡುವುದು ಅವರ ನಂಬಿಕೆಗಾಗಿ. ನನ್ನ ಹಸಿರು ಮಣೆ ಮೇಲೆ ಬೆಂದ ಕೋಳಿ ಹೆಚ್ಚಿದರೆ ಕಾಯಿಲೆ ಬರಲ್ಲ, ಆದರೆ ಸಸ್ಯಾಹಾರಿ ಅತಿಥಿಗೆ ಅದು ಮೋಸ. ಅಂಥವರು ಇರುವ ದಿನ ಹಸಿರಿನ ಮೇಲೆ ಮಾಂಸ ಬರುವುದಿಲ್ಲ, ಬೆಂದಿದ್ದೂ ಇಲ್ಲ. ಅವರ ಸೌಟು, ಎಣ್ಣೆ, ಬಾಣಲೆ ಬೇರೆ. ಆಹಾರ ಸುರಕ್ಷತೆಯ 2011ರ ನಿಯಮಗಳ ನಾಲ್ಕನೇ ಅನುಸೂಚಿಯೂ ಅಡಿಗೆ ಮಾರುವವರು ಹಸಿ ಮತ್ತು ಬೆಂದ ಆಹಾರವನ್ನು ಬೇರೆ ಇಡಬೇಕು ಅನ್ನುತ್ತೆ.

ಇಷ್ಟೆಲ್ಲ ಮಾಡಿದ ಮೇಲೂ ಸರಿಯಾಗಿ ನಡೀತಿದೆ ಅಂತ ಹೇಗೆ ಗೊತ್ತಾಗುತ್ತೆ?

ಅರಿಶಿನ ಹೇಳುತ್ತೆ. ಒಂದು ದಿನ ಕೋಳಿಗೆ ಹಚ್ಚುವ ಅರಿಶಿನವನ್ನು ಎರಡು ಪಾಲು ಹಾಕಿ. ಏನೂ ಹೇಳದೆ ಎಂದಿನಂತೆ ಕೆಲಸ ನಡೆಯಲಿ. ಮುಗಿದ ಮೇಲೆ, ಕಟ್ಟೆ ತೊಳೆಯುವ ಮುಂಚೆ, ಬಿಳಿ ಬಟ್ಟೆಯನ್ನು ಬಟ್ಟೆ ಸೋಪಿನ ನೀರಿನಲ್ಲಿ ಅದ್ದಿ ಹಿಂಡಿ, ಅನುಮಾನ ಇರುವ ಕಡೆಯೆಲ್ಲ ಒರೆಸಿ. ಅರಿಶಿನಕ್ಕೆ ಸುಣ್ಣ ಸೇರಿ ಓಕುಳಿ ಕೆಂಪಾಗುವ ಹಾಗೆಯೇ ಬಟ್ಟೆ ಸೋಪಿಗೂ ಅದು ಕೆಂಪಗಾಗುತ್ತೆ. ಕಣ್ಣಿಗೆ ಕಾಣದ ಹಳದಿಯೂ ಬಟ್ಟೆಯಲ್ಲಿ ಕೆಂಪಾಗಿ ಕಾಣುತ್ತೆ. ಪಾತ್ರೆ ತೊಳೆಯುವ ಲಿಕ್ವಿಡ್ಡಿನಲ್ಲಿ ಈ ಬಣ್ಣ ಸರಿಯಾಗಿ ಬರದಿರಬಹುದು, ಬಟ್ಟೆ ಸೋಪೇ ಬಳಸಿ.

ನಾನು ಮೊದಲ ಸಲ ಮಾಡಿದಾಗ ಮಣೆಗಳು ಪಾಸಾದವು. ಕೆಂಪು ಬಂದದ್ದು ಗ್ಯಾಸಿನ ತಿರುಗುಣಿಯಲ್ಲಿ, ಫ್ರಿಜ್ಜಿನ ಹಿಡಿಯಲ್ಲಿ, ಸೋಪಿನ ಬಾಟಲಿಯ ತಲೆಯಲ್ಲಿ. ಉಪ್ಪಿನ ಭರಣಿಯ ಮುಚ್ಚಳದಲ್ಲಂತೂ ಐದು ಬೆರಳೂ ಮೂಡಿದ್ದವು. ಬಟ್ಟಲಿಗೆ ಮೊದಲೇ ಅಳೆದಿಡುವ ಪದ್ಧತಿ ಶುರುವಾದದ್ದು ಅವತ್ತೇ. ಸೋಪಿನ ಬಾಟಲಿಯನ್ನು ಮೊಣಕೈಯಿಂದ ಒತ್ತುವ ಎತ್ತರಕ್ಕೆ ಇಟ್ಟೆವು.

ಇದು ಕೈ ಎಲ್ಲೆಲ್ಲಿ ಹೋಯಿತು ಅಂತ ಮಾತ್ರ ತೋರಿಸುತ್ತೆ. ಕೆಂಪು ಬರಲಿಲ್ಲ ಅಂದರೆ ಬ್ಯಾಕ್ಟೀರಿಯಾ ಇಲ್ಲ ಅಂತಲ್ಲ, ಸಿಡಿದ ಸಣ್ಣ ಹನಿ ಇದಕ್ಕೆ ಸಿಗಲ್ಲ. ಹಳೇ ಅರಿಶಿನದ ಕಲೆ ಇರುವ ಕಡೆ ಸುಮ್ನೆ ಕೆಂಪು ಬರುತ್ತೆ, ಹಾಗಾಗಿ ಹಿಂದಿನ ರಾತ್ರಿ ಒಮ್ಮೆ ಒರೆಸಿ ನೋಡಿಕೊಂಡಿರಿ.

ಮನೆಯ ಹಿರಿಯರು ಒಪ್ಪೋದಿಲ್ಲ. "ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ" ಅಂತಾರೆ.

ಇತ್ತು. ಮುಸುರೆ ಅಂದರೆ ಏನು ಮತ್ತೆ? ಅನ್ನ ಮುಟ್ಟಿದ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟಬೇಡ, ಕೈ ತೊಳೆದು ಮೊಸರು ಮುಟ್ಟು, ಮುಸುರೆ ಪಾತ್ರೆ ಬೇರೆಯಿಡು ಅಂತ ಅವರೇ ಅಲ್ಲವೇ ನಮಗೆ ಕಲಿಸಿದ್ದು. ಒಂದು ವಸ್ತು ಮುಟ್ಟಿದ ಕೈ ಇನ್ನೊಂದಕ್ಕೆ ಅದನ್ನು ದಾಟಿಸುತ್ತೆ ಅನ್ನುವ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ವ್ಯತ್ಯಾಸ ಒಂದೇ. ಅವರ ಲೆಕ್ಕದಲ್ಲಿ ಬೆಂದ ಅನ್ನ ಮುಸುರೆ, ಇಲ್ಲಿ ಹಸಿ ಕೋಳಿ ಮುಸುರೆ.

ನಾನು ಅತ್ತೆಗೆ ಬ್ಯಾಕ್ಟೀರಿಯಾ ಹೆಸರೆಲ್ಲ ಹೇಳಿ ಸೋತಿದ್ದೆ. "ಕೆಂಪು ಮಣೆ ಅಂದ್ರೆ ಮುಸುರೆ ಮಣೆ ಕಣತ್ತೆ" ಅಂದ ದಿನದಿಂದ, ಕೋಳಿಯ ಕೈಯಲ್ಲಿ ಉಪ್ಪಿನ ಭರಣಿಗೆ ಕೈ ಚಾಚಿದರೆ ಮೊದಲು ಕೂಗುವವರು ಅವರೇ.